ಹೆಗಲ ಮೇಲೆ ಎಂಟು ಬೆರಳು

ಕೊಪ್ಪಳದ ಬಜಾರಿನಲ್ಲಿ ಚಾಂದಸಾಬನ ಫೋಟೋ ದುಕಾನಿಗೂ ಅವನ ಮನೆಗೂ ನಡುವೆ ಇದ್ದದ್ದು ಒಂದು ದಪ್ಪ ಪರದೆ. ಪರದೆಯ ಈಚೆ ಮೂರು ಕಾಲಿನ ಕ್ಯಾಮೆರಾ, ಕಮಾನು ಬರೆದ ಬಟ್ಟೆ, ಗಿರಾಕಿಗಳು ಕೂರುವ ಬೆತ್ತದ ಕುರ್ಚಿ. ಆಚೆ ಅಬೇದಾಬಿ. ಗಿರಾಕಿಗಳ ಕಿವಿಗೆ ಅವಳು ಬೀಳುತ್ತಿದ್ದದ್ದು ಕೊಡದ ಸದ್ದಾಗಿ ಮಾತ್ರ. ತೊಳೆದು ತೆಗೆದ ಒಂದೊಂದು ಫೋಟೋಕ್ಕೂ ತಾಸುಗಟ್ಟಲೆ ಹೊಸ ನೀರು ಬೇಕು. ಮದ್ದಿನ ಅಂಶ ಕಾಗದದಲ್ಲಿ ಉಳಿದರೆ ವರ್ಷದೊಳಗೆ ಮುಖ ಹಳದಿಯಾಗುತ್ತದೆ. ಆ ನೀರನ್ನು ಬಾವಿಯಿಂದ ಸೇದುವವಳು ಅವಳು. ಅದೇ ಸೊಂಟದಲ್ಲಿ ಅಡುಗೆಯ ನೀರು, ಮಕ್ಕಳ ಮೈ ತೊಳೆಯುವ ನೀರು, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಅತ್ತೆಯ ವಜೂ ನೀರು. ಫೋಟೋ ಸುಂದರವಾಗಿ ಬಂದರೆ ಜನ ಕ್ಯಾಮೆರಾವನ್ನು ಹೊಗಳುತ್ತಿದ್ದರು.

ಅವಳು ಗಂಗಾವತಿಯವಳು. ತಂದೆ ಮೊಹರಂ ತಾಬೂತಿಗೆ ಬಣ್ಣದ ಕಾಗದ ಕತ್ತರಿಸುವುದರಲ್ಲಿ ಹೆಸರಾದವನು. ತೆಳುಕಾಗದವನ್ನು ಎಂಟು ಮಡಿಕೆ ಮಾಡಿ, ಸಣ್ಣ ಕತ್ತರಿಯಿಂದ ಬಳ್ಳಿ, ಹೂವು, ಜಾಲಂದ್ರ ಬಿಡಿಸುವುದನ್ನು ಅವಳು ಅವನ ಪಕ್ಕ ಕೂತೇ ಕಲಿತಳು. ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೊದಲ ವಾರ, ಗಂಡ ಒಂದು ಗಾಜಿನ ಪ್ಲೇಟನ್ನು ಕಿಟಕಿಗೆ ಹಿಡಿದು ತೋರಿಸಿದ. ಮದುಮಗಳ ಮುಖ ಕಪ್ಪು, ಕೂದಲು ಬಿಳಿ, ಕಣ್ಣಿನ ಗುಡ್ಡೆ ಹೊಳೆಯುವ ತೂತು. ಅಬೇದಾಬಿ ಚೀರಿ ಅತ್ತೆಯ ಬೆನ್ನ ಹಿಂದೆ ಅಡಗಿದಳು.

"ಅಂಜಬ್ಯಾಡ, ಇದು ಉಲ್ಟಾ ಇರ್ತೈತಿ. ಬೆಳಕು ಬಿದ್ದಲ್ಲಿ ಕರಿ, ನೆರಳಿದ್ದಲ್ಲಿ ಬಿಳಿ. ಕಾಗದದ ಮ್ಯಾಲೆ ಇಳಿದಾಗ ಸೀದಾ ಆಗ್ತೈತಿ," ಅಂದ ಚಾಂದಸಾಬ, ನಗುತ್ತ.

ಆರು ತಿಂಗಳಲ್ಲಿ ಅವಳು ಜೋಳದಲ್ಲಿ ಕಲ್ಲು ಹುಡುಕಿದಷ್ಟೇ ಸಲೀಸಾಗಿ ಪ್ಲೇಟು ಓದಲು ಕಲಿತಳು. ಓದಲು ಬರುತ್ತದೆ ಎಂದೇ ಅವಳು ಆಮೇಲೂ ನಂಬಿದ್ದಳು.

ಹೆಸರನ್ನು ಮನುಷ್ಯನ ಹಿಂದೆ ಬರಿಸುವ ಕೆಲಸ ಶುರುವಾದದ್ದು ಒಂದು ಸಿನಿಮಾ ಕರಪತ್ರದಿಂದ. ಹೊಸಪೇಟೆಗೆ ಹೋಗಿದ್ದ ಚಾಂದಸಾಬ ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಅದರಲ್ಲಿ ಸಿನಿಮಾದ ಹೆಸರು ದೊಡ್ಡ ಬಿಳಿ ಅಕ್ಷರಗಳಲ್ಲಿ ಅಡ್ಡಕ್ಕೆ ನಿಂತಿತ್ತು. ನಾಯಕಿಯ ತಲೆ ಆ ಅಕ್ಷರಗಳ ಮುಂದಿತ್ತು. ಒಂದು ಅಕ್ಷರದ ಅರ್ಧ ಅವಳ ಜಡೆಯ ಹಿಂದೆ ಮರೆಯಾಗಿತ್ತು, ಯಾರೋ ಗೋಡೆಗೆ ಬರೆದಿಟ್ಟು ಅವಳನ್ನು ಮುಂದೆ ನಿಲ್ಲಿಸಿದ ಹಾಗೆ. ಚಾಂದಸಾಬ ಮೂರು ದಿನ ತಲೆ ಕೆರೆದುಕೊಂಡ. ಗೋಡೆಗೆ ಬರೆಸಬೇಕೇ? ಬಟ್ಟೆಗೆ ಬರೆಸಬೇಕೇ? ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದ ಅಬೇದಾಬಿ ಹಿಟ್ಟಿನ ಕೈಯಲ್ಲೇ ಕರಪತ್ರವನ್ನು ಎತ್ತಿ ನೋಡಿದಳು.

"ಇದು ಒಂದ ಸಲ ಆದದ್ದಲ್ಲ. ಕಾಗದಕ್ಕ ಎರಡು ಸಲ ಬೆಳಕು ತೋರಿಸ್ಯಾರ," ಅಂದಳು.

ಅವಳು ಮಾಡಿದ್ದು ಹೀಗೆ. ಪ್ಲೇಟಿನ ಮೇಲೆ ಮನುಷ್ಯನ ಅಂಚಿನ ಗುಂಟ, ಕೂದಲಿನ ಎಳೆಯನ್ನೂ ಬಿಡದೆ, ಬೆಳಕು ತೂರದ ಕೆಂಪು ಬಣ್ಣ ಬಳಿದಳು. ಹಿಂದಿನ ಗೋಡೆ, ಕಮಾನು, ಎಲ್ಲವೂ ಕೆಂಪಿನಡಿ ಹೋದವು. ಆ ಪ್ಲೇಟಿನ ಕೆಳಗೆ ಕಾಗದವಿಟ್ಟು ಬೆಳಕು ತೋರಿಸಿದರೆ ಮನುಷ್ಯನಷ್ಟೇ ಇಳಿಯುತ್ತಾನೆ. ಸುತ್ತಲಿನ ಕಾಗದಕ್ಕೆ ಬೆಳಕೇ ತಾಗಿರುವುದಿಲ್ಲ. ಆಮೇಲೆ ಇನ್ನೊಂದು ಬರಿಯ ಗಾಜು. ಅದಕ್ಕೆ ಕರಿಕಾಗದದಲ್ಲಿ ಕತ್ತರಿಸಿದ ಮನುಷ್ಯನ ಆಕಾರ, ಕರಿಕಾಗದದ್ದೇ ಅಕ್ಷರಗಳು. ಅಂಟಿಸುವ ಮಗ್ಗುಲಿನಿಂದ ನೋಡಿದರೆ ಅಕ್ಷರ ಉಲ್ಟಾ ಕಾಣಬೇಕು, ಆಗಲೇ ಕಾಗದದ ಮೇಲೆ ಸೀದಾ ಬರುತ್ತವೆ. ಅದೇ ಕಾಗದವನ್ನು ಅದೇ ಚೌಕಟ್ಟಿನ ಅದೇ ಮೂಲೆಗೆ ಒತ್ತಿ, ಈ ಗಾಜಿನ ಕೆಳಗೆ ಎರಡನೆಯ ಸಲ ಬೆಳಕು. ಈಗ ಅಕ್ಷರ ಮತ್ತು ಮನುಷ್ಯನನ್ನು ಬಿಟ್ಟು ಉಳಿದದ್ದೆಲ್ಲ ಕಪ್ಪಾಗುತ್ತದೆ. ಅಕ್ಷರ ಬಿಳಿ ಉಳಿಯುತ್ತದೆ. ತಲೆ ಅಕ್ಷರವನ್ನು ಮುಚ್ಚಿದ ಜಾಗದಲ್ಲಿ ತಲೆಯೇ ಇರುತ್ತದೆ, ಏಕೆಂದರೆ ಅದು ಮೊದಲೇ ಇಳಿದಿರುತ್ತದೆ.

ಕಷ್ಟವಿದ್ದದ್ದು ಆ ಕರಿಕಾಗದದ ಆಕಾರದಲ್ಲಿ. ಒಂದು ಕೂದಲೆಳೆ ದೊಡ್ಡದಾಗಿ ಕತ್ತರಿಸಿದರೆ ಮನುಷ್ಯನ ಸುತ್ತ ಬಿಳಿ ಗೆರೆ. ಒಂದು ಕೂದಲೆಳೆ ಸಣ್ಣದಾದರೆ ಕಪ್ಪು ಬಂದು ಕಿವಿಯನ್ನು ಕಚ್ಚುತ್ತದೆ. ಕೊಪ್ಪಳದಲ್ಲಿ ಅಷ್ಟು ನಿಖರವಾಗಿ ಕತ್ತರಿ ಆಡಿಸುವ ಕೈ ಇನ್ನೊಂದಿರಲಿಲ್ಲ.

ವರ್ಷದೊಳಗೆ ಮದುವೆ ಮನೆಯವರು, ನಾಟಕ ಕಂಪನಿಯವರು ಚಾಂದಸಾಬನನ್ನು ಹುಡುಕಿಕೊಂಡು ಬಂದರು. "ಹೆಸರು ಹಿಂದ ಬರೂ ಫೋಟೋ" ಎಂದೇ ಅದಕ್ಕೆ ಹೆಸರಾಯಿತು.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಫೋಟೋದ ಕಾಗದ ಸಿಗುವುದು ದುರ್ಲಭವಾಗಿತ್ತು. ಮೊದಲು ಒಂದು ಪ್ರೂಫು ತೆಗೆದು ಗಿರಾಕಿಗೆ ತೋರಿಸುವ ರೂಢಿಯನ್ನು ಚಾಂದಸಾಬ ಬಿಟ್ಟುಬಿಟ್ಟಿದ್ದ. ಪ್ಲೇಟಿನಿಂದ ನೇರ ಕೊನೆಯ ಕಾಗದಕ್ಕೆ. ನಡುವೆ ಸೀದಾ ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ.

ಆಗ ಕುಷ್ಟಗಿಯಿಂದ ಆಳು ಬಂದ. ಅಲ್ಲಿನ ದೊಡ್ಡ ವ್ಯಾಪಾರಿ ಕೊಟ್ರಬಸಪ್ಪನ ತಾಯಿ ವಿರೂಪಾಕ್ಷಮ್ಮ ತೀರಿಕೊಂಡಿದ್ದಳು. ಮಣ್ಣಿಗೆ ಒಯ್ಯುವ ಮುಂಚೆ ಫೋಟೋ ಆಗಬೇಕಿತ್ತು. ಚಾಂದಸಾಬ ಇದ್ದಿಲಿನ ಗ್ಯಾಸಿನ ಬಸ್ಸು ಹತ್ತಿ ಹೋದ, ಮರುದಿನ ಪ್ಲೇಟಿನೊಡನೆ ಬಂದ. ಊಟಕ್ಕೆ ಕೂತಾಗ ಕಂಡದ್ದನ್ನು ಹೇಳಿದ.

"ಮುದುಕಿನ್ನ ಕುರ್ಚಿ ಮ್ಯಾಲೆ ಕುಂಡ್ರಿಸಿದ್ರು. ಮೈತುಂಬ ಇಬತ್ತಿ ಹಚ್ಚಿ, ಹೆಗಲಿಗೆ ಹೊಸ ಬಿಳಿ ವಸ್ತ್ರ ಹೊಚ್ಚಿದ್ರು. ಕುಂಡ್ರವಲ್ದು, ಮುಂದಕ್ಕ ಬಾಗತಿತ್ತು. ಹಿರಿ ಸೊಸಿ ಹಿಂದ ನಿಂತು ಹಿಡಕೊಂಡಳು."

"ಹಿರಿ ಸೊಸಿ ಅಂದ್ರ?"

"ಶೇಖರಮ್ಮ ಅಂತ. ಗಂಡ ಸತ್ತು ಎಂಟು ವರ್ಷ ಆತಂತ. ಮಕ್ಕಳಿಲ್ಲ. ಮುದುಕಿ ಹಾಸಿಗಿ ಹಿಡದು ಆರು ವರ್ಷ. ಆಗ ದೈವದವರು, ಊರ ಹಿರ್ಯಾರು, ಮಾತಾಡಿದ್ರಂತ, ಮುದುಕಿನ್ನ ಕಡೀತನಕ ಯಾರು ನೋಡಕೋತಾರೋ ಅವರಿಗೆ ಹಿತ್ತಲ ಖೋಲಿ, ಎರಡೆಕರೆ ಹೊಲ, ಇರೂತನಕ ಅಂತ. ಈಕಿನ ನೋಡ್ಯಾಳ. ಬಳದಾಳ, ತೊಳದಾಳ, ಉಣಿಸ್ಯಾಳ. ನೆರಮನಿ ಹೆಣ್ಮಕ್ಕಳು ನನ್ನ ಮುಂದನ ಗುಸುಗುಸು ಅಂತಿದ್ರು. ಈಗ ಕೊಟ್ರಬಸಪ್ಪ, ನನ್ನ ಹೆಂಡ್ತಿ ಕಳಕಮ್ಮನ ಎಲ್ಲಾ ಮಾಡ್ಯಾಳ ಅಂತಾನ. ಹನ್ನೊಂದನೇ ದಿನ ಮಾತು ಮುಗಿಸಿ ಅತ್ತಿಗಿನ್ನ ಕನಕಗಿರಿಗೆ ಕಳಿಸಿಬಿಡ್ತಾನ."

"ಕನಕಗಿರ್ಯಾಗ ಯಾರದಾರ ಆಕಿಗಿ?"

"ತಾಯಿ ತಂದಿ ಇಲ್ಲ. ಮನಿ ಬಿದ್ದೈತಂತ."

ಅಬೇದಾಬಿಯ ಕೈಯಲ್ಲಿನ ತುತ್ತು ನಿಂತಿತು. "ನೆರಮನಿಯವ್ರು ದೈವದ ಮುಂದ ಹೇಳ್ತಾರಿಲ್ಲೋ?"

"ಸಾವ್ಕಾರನ ಎದುರು ಯಾರು ಬಾಯಿ ಬಿಡ್ತಾರ? ಬಾಗಲಾ ಮುಚ್ಚಿದ ಮ್ಯಾಲ ಯಾರು ಏನು ತೊಳದ್ರು ಅಂತ ಕಂಡವ್ರು ಯಾರು?" ಅಂದ ಚಾಂದಸಾಬ, ಇನ್ನೊಂದು ರೊಟ್ಟಿಗೆ ಕೈ ಚಾಚಿ.

ಕೊಟ್ರಬಸಪ್ಪ ಮೂರನೆಯ ದಿನ ತಾನೇ ಬಂದ. ಪರದೆಯ ಹಿಂದೆ ಅಬೇದಾಬಿ ಎಲ್ಲ ಕೇಳಿಸಿಕೊಂಡಳು. ತಾಯಿಯ ಹೆಸರು ದೊಡ್ಡದಾಗಿ, ತಲೆಯ ಹಿಂದೆ, ಸಿನಿಮಾದವರಿಗೆ ಬಂದ ಹಾಗೆ ಬರಬೇಕು. "ಮಾತೋಶ್ರೀ ವಿರೂಪಾಕ್ಷಮ್ಮ." ಹನ್ನೊಂದನೆಯ ದಿನ ಮಠದ ಅಯ್ಯನವರು ಪರದೆ ಸರಿಸುತ್ತಾರೆ, ನಾಲ್ಕೂರಿನ ಜನ ನೋಡುತ್ತಾರೆ.

"ಹಿಂದ ನಿಂತಾಕಿ?" ಚಾಂದಸಾಬ ಕೇಳಿದ.

"ಆಕಿ ಬ್ಯಾಡ. ಆಕಿ ಮ್ಯಾಲೇ ಹೆಸರು ಬರಲಿ. ನಮ್ಮವ್ವ ಒಬ್ಬಾಕಿನ ಇರಬೇಕು. ಆಗೂದಿಲ್ಲೇನು?"

"ಆಗ್ತೈತ್ರಿ ಸಾವ್ಕಾರ್ರ. ನಮ್ಮ ಕೈಯಾಗ ಆಗದ್ದ ಏನೈತಿ?"

ನಮ್ಮ ಕೈ ಎಂಬ ಮಾತಿಗೆ ಪರದೆಯ ಹಿಂದಿನ ಕೈ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಅವಳು ಕನ್ನಡಿ ಹಚ್ಚಿದ ಇಳಿಜಾರು ಮೇಜಿನ ಮೇಲೆ ಪ್ಲೇಟಿಟ್ಟಳು. ಕನ್ನಡಿ ಆಕಾಶದ ಬೆಳಕನ್ನು ಗಾಜಿನ ಕೆಳಗಿನಿಂದ ತೂರಿಸಿತು. ಕುರ್ಚಿಯಲ್ಲಿ ಮುದುಕಿ. ಹಣೆ, ಹೆಗಲು, ವಸ್ತ್ರ, ಇಬತ್ತಿ ಹಚ್ಚಿದ ಜಾಗಗಳೆಲ್ಲ ಕಾಡಿಗೆಯಂತೆ ಕಪ್ಪು. ಹಿಂದೆ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ನಿಂತ ಹೆಂಗಸು. ಕಡುಬಣ್ಣದ ಸೀರೆಯಾದ್ದರಿಂದ ಪ್ಲೇಟಿನಲ್ಲಿ ಅವಳು ತೆಳ್ಳಗೆ, ಹೊಗೆಯ ಹಾಗಿದ್ದಳು. ಅಬೇದಾಬಿ ಕುಂಚವನ್ನು ಕೆಂಪಿನಲ್ಲಿ ಅದ್ದಿ ಮುದುಕಿಯ ಅಂಚಿನ ಗುಂಟ ನಡೆದಳು. ಕಿವಿ, ಕೊರಳು, ಹೆಗಲಿನ ಇಳಿಜಾರು. ಹೆಗಲಿನ ಮೇಲೆ ವಸ್ತ್ರ ಮುದುಡಿ ಮಡಿಕೆ ಬಿದ್ದ ಹಾಗಿತ್ತು. ಕಪ್ಪಿನ ಮೇಲೆ ಕೂದಲಿನಷ್ಟು ತೆಳುವಾದ ಬೆಳ್ಳನೆಯ ಗೆರೆಗಳು. ಮಡಿಕೆಯನ್ನು ವಸ್ತ್ರದೊಡನೆ ಒಳಗೆ ಬಿಟ್ಟು, ಅದರ ಹೊರಗಿನಿಂದ ಗೆರೆ ಎಳೆದಳು. ಆಮೇಲೆ ಹಿಂದಿನ ಹೆಂಗಸಿನ ಮುಖದ ಮೇಲೆ, ಎದೆಯ ಮೇಲೆ, ತೋಳಿನ ಮೇಲೆ ಕೆಂಪು ಬಳಿದಳು. ಬಳಿಯುವಾಗ ಮನಸ್ಸಿಗೆ ಒಂದು ಥರ ಆಯಿತು. ಒಲೆಯ ಮೇಲೆ ಬೇಳೆ ಉಕ್ಕಿದ ಸದ್ದಾಯಿತು, ಎದ್ದು ಹೋದಳು.

ಸಂಜೆಯೊಳಗೆ ತೆಳುಕಾಗದದಲ್ಲಿ ಅಂಚಿನ ನಕಲು ತೆಗೆದು, ಕರಿಕಾಗದದಲ್ಲಿ ಮುದುಕಿಯ ಆಕಾರವನ್ನು ಕತ್ತರಿಸಿದ್ದಳು, ಎಂಟು ಅಕ್ಷರಗಳನ್ನೂ ಕತ್ತರಿಸಿ ಗಾಜಿಗೆ ಅಂಟಿಸಿದ್ದಳು.

ಡಬ್ಬಿಯಲ್ಲಿ ಆ ಅಳತೆಯ ಕಾಗದ ಉಳಿದದ್ದು ಮೂರೇ. ಒಂಬತ್ತನೆಯ ದಿನ ಬೆಳಗ್ಗೆ ಚಾಂದಸಾಬ ಕತ್ತಲೆಕೋಣೆಯ ಸಂದುಗಳಿಗೆಲ್ಲ ಚಿಂದಿ ತುರುಕಿ ಕೆಂಪು ಕಂದೀಲು ಹಚ್ಚಿದ. ಮೊದಲ ಕಾಗದ ಎರಡನೆಯ ಬೆಳಕಿನಲ್ಲಿ ಮೂಲೆಯಿಂದ ಸರಿಯಿತು. ಮುದುಕಿಯ ಒಂದು ಮಗ್ಗುಲಿಗೆ ಬಿಳಿ ಪಟ್ಟಿ, ಇನ್ನೊಂದು ಮಗ್ಗುಲಿನ ಕಿವಿ ಮಾಯ. ಎರಡನೆಯದು ಸರಿಯಾಗಿ ಕೂತಿತು. ಕೆಂಪು ಮಬ್ಬಿನಲ್ಲಿ ಅಕ್ಷರ ಮೂಡಿದ್ದನ್ನು ಕಂಡು ಅವನು "ವಾಹ್" ಅಂದ, ಮದ್ದಿನ ತಟ್ಟೆಯಿಂದ ಎತ್ತಿ ಹೆಂಡತಿಯ ಕೈಗೆ ಕೊಟ್ಟ. "ತೊಳಿ."

ಅಂಗಳದ ಕಲ್ಲುತೊಟ್ಟಿಯಲ್ಲಿ ಅವಳು ಅದನ್ನು ನೀರಿಗೆ ಬಿಟ್ಟಳು. ಬಿಸಿಲಿತ್ತು. ಕಾಗದ ತಿರುಗಿ ಮುಖ ಮೇಲಾಯಿತು. ಕಪ್ಪು ನೆಲ, ಬಿಳಿ ಅಕ್ಷರ, ಅಕ್ಷರದ ಮುಂದೆ ಮುದುಕಿಯ ತಲೆ. ಎಲ್ಲ ಚೆನ್ನಾಗಿತ್ತು. ಆಮೇಲೆ ಅವಳ ಕಣ್ಣು ಹೆಗಲಿಗೆ ಇಳಿಯಿತು. ಕೈಯಲ್ಲಿದ್ದ ಕೊಡ ಜಾರಿ ಕಲ್ಲಿಗೆ ಬಿತ್ತು.

ಎಂಟು ಬೆರಳು. ನಾಲ್ಕು ಈ ಹೆಗಲ ಮೇಲೆ, ನಾಲ್ಕು ಆ ಹೆಗಲ ಮೇಲೆ. ಇಬತ್ತಿಯಿಂದ ಬೆಳ್ಳಗಾದವು. ಮುಂಗೈ ಇಲ್ಲ, ತೋಳಿಲ್ಲ, ಮುಖವಿಲ್ಲ. ಕತ್ತಲೆಯೊಳಗಿಂದ ಬಂದು ಹೆಣವನ್ನು ಹಿಡಿದುಕೊಂಡಿದ್ದವು.

"ಯಾ ಅಲ್ಲಾ," ಅಂದಳು.

ಕೊಡದ ಸದ್ದಿಗೆ ಓಡಿ ಬಂದ ಚಾಂದಸಾಬ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. "ಇವು ಎಲ್ಲಿಂದ ಬಂದ್ವು?"

ಹೆಣಕ್ಕೆ ಇಬತ್ತಿ ಹಚ್ಚಿದವಳೇ ಶೇಖರಮ್ಮ. ಹಚ್ಚಿದ ಕೈ ತೊಳೆದುಕೊಳ್ಳಲು ಅವಳಿಗೆ ಯಾರೂ ಹೊತ್ತು ಕೊಟ್ಟಿರಲಿಲ್ಲ. ಪ್ಲೇಟಿನಲ್ಲಿ ವಸ್ತ್ರವೂ ಕಪ್ಪು, ಬೂದಿಯ ಬೆರಳೂ ಕಪ್ಪು. ಅಬೇದಾಬಿ ಮಡಿಕೆಯೆಂದುಕೊಂಡ ಆ ತೆಳು ಗೆರೆಗಳು ಬೆರಳುಗಳ ನಡುವಿನ ನೆರಳಾಗಿದ್ದವು.

"ಫೋಟೋ ತೆಗಿಯೂಮುಂದ ನಿಮಗ ಕಾಣಲಿಲ್ಲೇನು?"

"ಮೊದಲು ಬೆನ್ನಿಗೆ ಕೈ ಕೊಟ್ಟು ಹಿಡಕೊಂಡಿದ್ದಳು. ಪ್ಲೇಟು ಹಾಕಿದ ಮ್ಯಾಲ ಮುದುಕಿ ಜಾರಿರಬೇಕು, ಮುಂದ ಕೈ ತಂದಾಳ. ನಾ ಗಡಿಯಾರ ನೋಡಾಕ ಹತ್ತಿದ್ದೆ." ಅವನು ಬೆವರು ಒರೆಸಿಕೊಂಡ. "ಇರಲಿ. ಮೊದಲ ಒಣಗಲಿ. ಬಿಳಿ ಬಣ್ಣ ತಗೊಂಡು ಬೆರಳಿನ ಮ್ಯಾಲ ಹಚ್ಚಿಬಿಡು. ವಸ್ತ್ರ ಆಗಿಬಿಡ್ಲಿ. ನಿನಗ ಅದೇನು ದೊಡ್ಡದಲ್ಲ."

ದೊಡ್ಡದಾಗಿರಲಿಲ್ಲ. ಬೆರಳುಗಳ ನಡುವಿನ ನೆರಳನ್ನು ತುಂಬಿಸಿದರೆ ಸಾಕು. ಮರುದಿನ ಅವಳು ಭೂತಗಾಜು ಹಿಡಿದು ಕೂತಳು. ದೊಡ್ಡದಾಗಿ ಕಂಡಾಗ ಅವು ದೆವ್ವದ ಬೆರಳುಗಳಾಗಿ ಉಳಿಯಲಿಲ್ಲ. ಉಗುರು ಸವೆದು ಮಾಂಸಕ್ಕೆ ಹತ್ತಿದ್ದವು. ಗೆಣ್ಣಿನ ಮೇಲೆ ಸೀಳು ಬಿಟ್ಟಿದ್ದವು, ಸೀಳಿನೊಳಗೆ ಬೂದಿ ಕೂತಿತ್ತು. ಸವಳು ನೀರಲ್ಲಿ ದಿನವೂ ಹೊಲಸು ಬಟ್ಟೆ ಒಗೆದ ಕೈ ಹೀಗಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಎಡಗೈಯ ಕಿರುಬೆರಳು ಉಳಿದವುಗಳ ಜೊತೆ ಸೇರದೆ, ನಡುಗೆಣ್ಣಿನಲ್ಲಿ ಮುರಿದು ಹೊರಕ್ಕೆ ಸೊಟ್ಟಗಾಗಿತ್ತು.

ಅವಳು ಮೊದಲು ಬಲಗಡೆಯ ತೋರುಬೆರಳಿನ ನೆರಳನ್ನು ತುಂಬಿಸಿದಳು. ಬೆರಳು ಹೋಯಿತು. ಎಷ್ಟು ಸಲೀಸಾಗಿ ಹೋಯಿತೆಂದರೆ ಅವಳಿಗೆ ತನ್ನ ಕೈಯ ಬಗ್ಗೆಯೇ ಭಯವಾಯಿತು. ಒಬ್ಬಳ ಮುಖವನ್ನು ಒಂದು ಮಧ್ಯಾಹ್ನ ಬೇಳೆ ಬೇಯುವುದರೊಳಗೆ ಮುಚ್ಚಿದ್ದಳು. ಉಳಿದದ್ದು ಇಷ್ಟು. ಇನ್ನರ್ಧ ತಾಸಿನಲ್ಲಿ ಇದೂ ಮುಗಿದರೆ, ಆರು ವರ್ಷ ಆ ಮನೆಯಲ್ಲಿ ಯಾರೂ ಇರಲೇ ಇಲ್ಲ ಎಂದಾಗುತ್ತದೆ.

ಅರಳೆಯನ್ನು ನೀರಲ್ಲಿ ಹಿಂಡಿ, ಹಚ್ಚಿದ ಬಣ್ಣವನ್ನು ಒರೆಸಿದಳು. ಬೆರಳು ಮತ್ತೆ ಬಂತು. ಫೋಟೋವನ್ನು ಕಾಗದದಲ್ಲಿ ಸುತ್ತಿ, ಚೌಕಟ್ಟಿಗೆ ಹಾಕಿ, ಮೇಲೆ ಬಟ್ಟೆ ಹೊಲಿದು ಮುಗಿಸಿದಳು.

"ಆತೇನು?" ಗಂಡ ಕೇಳಿದ.

"ಆತ್ರಿ," ಅಂದಳು. ಅವನು ಬಿಚ್ಚಿ ನೋಡಲಿಲ್ಲ. ಅವಳ ಕೆಲಸವನ್ನು ಅವನು ಎಂದೂ ತಿರುಗಿ ನೋಡಿದವನಲ್ಲ.

ಹನ್ನೊಂದನೆಯ ದಿನ ಕುಷ್ಟಗಿಯ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೌಕಟ್ಟನ್ನು ಎತ್ತರದ ಮಣೆಯ ಮೇಲಿಟ್ಟು ಚಾಂದಸಾಬ ಕಂಬಕ್ಕೆ ಒರಗಿ ನಿಂತ. ಅಯ್ಯನವರು ಬಟ್ಟೆ ಸರಿಸಿದರು.

ಮೊದಲು ಎಲ್ಲರೂ "ಆಹಾ" ಅಂದರು, ಹೆಸರು ಹಿಂದೆ ನಿಂತದ್ದನ್ನು ಕಂಡು. ಆಮೇಲೆ ಮುಂದಿನ ಸಾಲಿನ ಒಬ್ಬ ಮುದುಕಿ ಎದೆಗೆ ಕೈ ಹಚ್ಚಿ ಕೂಗಿದಳು.

"ಯವ್ವಾ, ಯವ್ವಾ! ಯಾರೋ ಹಿಡಕೊಂಡಾರ ಆಕಿನ್ನ!"

ಆಹಾ ಅಂದ ಬಾಯಿಗಳು ಹಾಗೇ ತೆರೆದು ನಿಂತವು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಒಬ್ಬ ಹುಡುಗಿ ಚಿಟ್ಟನೆ ಚೀರಿದಳು. "ಸತ್ತವ್ರು ಕರಿಯಾಕ ಬಂದಾರ," ಅಂದ ಒಬ್ಬ. "ಕೈ ಐತಿ, ಮನಷ್ಯಾರಿಲ್ಲ," ಅಂದ ಇನ್ನೊಬ್ಬ. ಅಯ್ಯನವರ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಚಾಂದಸಾಬನಿಗೆ ಕಂಡದ್ದು ಬೆರಳಷ್ಟೇ ಅಲ್ಲ, ಹೆಂಡತಿ ಹೇಳಿದ 'ಆತ್ರಿ' ಕೂಡ.

ದೈವದ ಹಿರಿಯ ಹಂಪಣ್ಣ ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದ. ಎಂಬತ್ತರ ಮುದುಕ, ಯಾರಿಗೂ ಅವಸರ ಪಡುವವನಲ್ಲ.

"ದೆವ್ವಕ್ಕ ಉಗುರು ಸವಿಯೂದಿಲ್ಲ ತಗೋ. ಕೊಟ್ರಬಸಪ್ಪ, ಇವು ಯಾರ ಕೈ?"

ಕೊಟ್ರಬಸಪ್ಪ ಬಾಗಿಲ ಕಡೆ ನೋಡಿದ. "ಅವು... ನಮ್ಮ ಮನ್ಯಾಕಿವು. ಕಳಕಮ್ಮಂದು. ಆಕಿನ ಹಿಡಕೊಂಡಿದ್ದಳು. ನಾ ಹೇಳಿದ್ನಲ್ಲ, ಸೇವಾ ಎಲ್ಲಾ ಆಕಿಂದ ಅಂತ."

"ಹಂಗಾದ್ರ ಛಲೋ ಆತು. ಬಾರವ್ವಾ ಕಳಕವ್ವ, ಕೈ ತೋರಸು."

ಹೊಸ ಸೀರೆ ಉಟ್ಟ ಕಳಕಮ್ಮ ಬಾಗಿಲಲ್ಲಿ ನಿಂತಿದ್ದವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಗಂಡನ ಮುಖ ನೋಡಿದಳು, ಫೋಟೋ ನೋಡಿದಳು.

"ನಾ ಅಲ್ರಿ ಯಜ್ಜಾ," ಅಂದಳು. "ನನಗ ಹೆಣಾ ಮುಟ್ಟಾಕ ಅಂಜಿಕಿ. ಅಕ್ಕ ಹಿಡಕೊಂಡಿದ್ದಳು. ಯಾವತ್ತೂ ಅಕ್ಕನ ಹಿಡಕೊಂಡಾಳ."

"ಏ, ಬಾಯಿ ಮುಚ್ಚ!" ಅಂದ ಕೊಟ್ರಬಸಪ್ಪ. ಆದರೆ ಮಾತು ಹೊರಬಿದ್ದಾಗಿತ್ತು.

ಶೇಖರಮ್ಮನನ್ನು ಹಿತ್ತಲಿನಿಂದ ಕರೆಸಿದರು. ನೂರು ಜನರ ಅಡುಗೆಯ ಒಲೆಯ ಮುಂದಿನಿಂದ ಎದ್ದು ಬಂದವಳು, ಕೈಗೆ ಕಡಲೆಹಿಟ್ಟು ಮೆತ್ತಿತ್ತು. ಏಕೆ ಕರೆದರೆಂದು ಗೊತ್ತಿರಲಿಲ್ಲ. ತಲೆಯೆತ್ತಿ ಫೋಟೋ ನೋಡಿದಳು. ತನ್ನ ಮೈಯಿದ್ದ ಜಾಗದಲ್ಲಿ ಅತ್ತೆಯ ಹೆಸರು, ಹೆಸರಿನ ಮುಂದೆ ತನ್ನ ಬೆರಳು. ಅವಳ ಬಾಯಿಂದ ಸಣ್ಣದೊಂದು ಸದ್ದು ಹೊರಟಿತು, ಯಾರೋ ಹಿಂದಿನಿಂದ ನೀರು ಎರಚಿದ ಹಾಗೆ.

"ಎಡಗೈ ತೋರಸವ್ವಾ," ಅಂದ ಹಂಪಣ್ಣ, ದನಿ ತಗ್ಗಿಸಿ.

ಚಾಚಿದಳು. ಹಿಟ್ಟಿನ ಕೈಯಲ್ಲಿ ಕಿರುಬೆರಳು ಅದೇ ಗೆಣ್ಣಿನಲ್ಲಿ, ಅದೇ ಕಡೆಗೆ ಸೊಟ್ಟಗಿತ್ತು.

"ಹೆಂಗ ಮುರೀತು?"

"ಬಚ್ಚಲದಾಗ ಜಾರಿ ಬಿದ್ರು ಅತ್ತಿ. ನಾ ಅಡ್ಡ ಕೈ ಕೊಟ್ಟೆ. ಅವರ ಭಾರ ಎಲ್ಲಾ ಇದರ ಮ್ಯಾಲ ಬಿತ್ತು. ಮೂರು ವರ್ಷ ಆತು."

"ಕಟ್ಟಿಸಲಿಲ್ಲೇನು?"

"ಕಟ್ಟಿಸಿದ್ರ ಅವರನ್ನ ಎತ್ತೂದು ಯಾರ್ರಿ?"

ಹಂಪಣ್ಣ ಕೋಲೂರಿ ಜನರ ಕಡೆ ತಿರುಗಿದ. ಆಮೇಲೆ, ದೈವದ ಮಾತು ಮಾತೇ, ಹಿತ್ತಲ ಖೋಲಿ ಮತ್ತು ಎರಡೆಕರೆ ಇವಳಿರುವ ತನಕ ಇವಳವು, ಅಂದ. ಕೊಟ್ರಬಸಪ್ಪ ತಾನೇ ಮಾಡಿಸಿದ ಫೋಟೋ ಎತ್ತರದಲ್ಲಿ ಕೂತು ನೋಡುತ್ತಿತ್ತು.

"ಒಳ್ಳೇದಾತು," ಅಂದ ಕಡೆಗೆ, ನಗು ತಂದುಕೊಂಡು. "ಅತ್ತಿಗಿ ಮನ್ಯಾಗ ಇದ್ರ ನಮಗೂ ಆಧಾರ. ಕಳಕಮ್ಮಗ ಒಬ್ಬಾಕಿಗೇ ಆಗೂದಿಲ್ಲ."

ಆಗ ಶೇಖರಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿದಳು. "ಖೋಲಿ ಮುಂದ ನಾ ಬ್ಯಾರೆ ಒಲಿ ಹೂಡ್ತೀನ್ರಿ," ಅಂದಳು. "ಇವತ್ತಿನ ಅಡಗಿ ಮುಗಿಸಿಕೊಡ್ತೀನಿ. ನಾಳಿಂದ ಈ ಮನಿ ಒಲಿ ನನ್ನದಲ್ಲ."

ವಿಧವೆ ಸೊಸೆಯೊಬ್ಬಳು ನಾಲ್ಕೂರಿನ ಜನರೆದುರು ಬೇರೆ ಒಲೆ ಕೇಳಿದ್ದು ಆ ಪಡಸಾಲೆಗೆ ಫೋಟೋಕ್ಕಿಂತ ದೊಡ್ಡ ಪೆಟ್ಟಾಯಿತು. ಅವಳು ತಿರುಗಿ ಹಿತ್ತಲಿಗೆ ಹೋದಳು, ಎಣ್ಣೆಯಲ್ಲಿ ಏನೋ ಸೀಯುತ್ತಿತ್ತು.

ಮರುದಿನ ಮಧ್ಯಾಹ್ನ ಕೊಟ್ರಬಸಪ್ಪ ಕೊಪ್ಪಳದ ದುಕಾನಿಗೆ ನುಗ್ಗಿದ. "ಚಾಂದಸಾಬ! ನಾಲ್ಕು ಮಂದ್ಯಾಗ ನನ್ನ ಮಾರಿಗೆ ಮಸಿ ಹಚ್ಚಿದಿ! ಯಾರು ಮಾಡಿದ್ದಿದು?"

ಚಾಂದಸಾಬ ರಾತ್ರಿಯೇ ಮನೆಗೆ ಬಂದು ಕೂಗಾಡಿ ಮುಗಿಸಿದ್ದ. ಹೆಂಡತಿ ಅವನ ತಟ್ಟೆಗೆ ರೊಟ್ಟಿ ಹಾಕಿದ್ದಳು ಅಷ್ಟೆ. ಈಗ ಅವನು ಪರದೆಯ ಕಡೆ ಕೈ ಮಾಡಿದ.

"ನಾನಲ್ರಿ ಸಾವ್ಕಾರ್ರ. ಕತ್ತರಿಸಾಕಿ, ಬಣ್ಣ ಹಚ್ಚಾಕಿ ಎಲ್ಲಾ ನನ್ನ ಹೆಂಡ್ತಿ, ಅಬೇದಾಬಿ."

ಇಷ್ಟು ವರ್ಷಗಳಲ್ಲಿ ಒಬ್ಬ ಗಿರಾಕಿಯ ಎದುರು ಆ ಹೆಸರು ಬಂದದ್ದು ಅದೇ ಮೊದಲು. ಪರದೆಯ ಹಿಂದೆ ಅಬೇದಾಬಿ ಬೆಚ್ಚಿದಳು. ಬೈಗುಳದ ಜಾಗದಲ್ಲಾದರೂ ತನ್ನ ಹೆಸರು ಕೇಳಿದ್ದಕ್ಕೆ ಮೈಯಲ್ಲಿ ಏನೋ ಸುಳಿದು ಹೋಯಿತು.

"ಹೆಂಗಸರ ಕೈಯಾಗ ಕೊಡ್ತಿ ನಮ್ಮವ್ವನ ಫೋಟೋ!" ಕೊಟ್ರಬಸಪ್ಪ ಕೂಗಿದ. "ಪ್ಲೇಟು ಐತಿಲ್ಲೋ? ಕಾಗದ ಐತಿಲ್ಲೋ? ಮತ್ತೊಂದು ಮಾಡು. ಆ ಬೆರಳು ತಗದು ಹಾಕು. ನಾ ಇಲ್ಲೇ ನಿಂದರ್ತೀನಿ, ನನ್ನ ಕಣ್ಣ ಮುಂದ ಆಗಬೇಕು."

ಚಾಂದಸಾಬ ಒಳಗೆ ನೋಡಿದ. "ಅಬೇದಾ... ಕೇಳಿಸ್ತಿಲ್ಲೋ?"

ಪರದೆ ಸರಿಯಿತು. ಸೆರಗನ್ನು ತಲೆಯ ಮೇಲೆ ಬಿಗಿದುಕೊಂಡು ಅಬೇದಾಬಿ ಹೊರಗೆ ಬಂದಳು. ಗಂಡ ದಂಗಾಗಿ ದಾರಿ ಬಿಟ್ಟ. ಅವಳು ಪ್ಲೇಟು, ಕುಂಚ, ಕೆಂಪು ಬಣ್ಣದ ಬಟ್ಟಲು ಮೂರನ್ನೂ ಮೇಜಿನ ಮೇಲೆ ಕೊಟ್ರಬಸಪ್ಪನ ಮುಂದೆ ಇಟ್ಟಳು.

"ಮುಂದಿದ್ದದ್ದನ್ನ ಹಿಂದ ಹಾಕಾಕ ನನಗ ಬರೂದಿಲ್ರಿ," ಅಂದಳು. "ಬೆರಳು ಅವ್ವಾರ ಹೆಗಲಿನ ಮುಂದ ಅದಾವು. ನಿಮಗ ಬ್ಯಾಡಾದ್ರ ನೀವ ಹಚ್ಚಿ ಮುಚ್ಚರಿ. ಎಲ್ಲೆಲ್ಲಿ ಅದಾವು ನೋಡಿ ಹಚ್ಚರಿ."

ಕೊಟ್ರಬಸಪ್ಪ ಸಿಟ್ಟಿನಿಂದ ಪ್ಲೇಟನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಕಪ್ಪು ಮುಖದ, ಬೆಳ್ಳಗಿನ ಕಣ್ಣಿನ ತಾಯಿಯನ್ನು ಕಂಡು ಅವನ ಕೈ ಒಂದು ಸಲ ಹಿಂಜರಿಯಿತು. ಹತ್ತಿರ ತಂದ. ದೂರ ಹಿಡಿದ. ಎಡಕ್ಕೆ ತಿರುಗಿಸಿದ. ಹೆಗಲಿನ ಮೇಲೆ ಕಪ್ಪು ವಸ್ತ್ರ, ವಸ್ತ್ರದಲ್ಲಿ ಕೆಲವು ಗೆರೆ.

"ಎಲ್ಲದಾವು?" ಅಂದ. "ಇದರಾಗ ಕೈ ಎಲ್ಲದಾವು?"

ಚಾಂದಸಾಬನೂ ಬಗ್ಗಿ ನೋಡಿದ. ಕಣ್ಣು ಕಿರಿದು ಮಾಡಿದ, ಬೆರಳಿಟ್ಟು ತೋರಿಸಲು ಹೋದ, ತಪ್ಪು ಜಾಗಕ್ಕೆ ಇಟ್ಟ, ತೆಗೆದ. ಇಬ್ಬರೂ ಅವಳ ಮುಖ ನೋಡಿದರು.

ಅಬೇದಾಬಿ ತೋರಿಸಲಿಲ್ಲ. ಒಳಗೆ ತೊಟ್ಟಿಯಲ್ಲಿ ಯಾರದೋ ಮದುವೆಯ ಫೋಟೋಗಳು ನೀರು ಬದಲಿಸಲು ಕಾದಿದ್ದವು. ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು. ತಿರುಗಿ ಬರುವಾಗಲೂ ಗಂಡಸರಿಬ್ಬರು ಬಾಗಿಲಲ್ಲೇ ಇದ್ದರು, ಗಾಜನ್ನು ಆ ಕಡೆ ಈ ಕಡೆ ಹೊರಳಿಸುತ್ತ.